ಇಕ್ಕಳ, ಕಪ್ ಮತ್ತು ಮಗುವಿನ ನೆತ್ತಿ

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸಾವುಗಳು ಸುದ್ದಿಯಾದ ಮೇಲೆ, ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತ ಮನೆಯವರು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತಾರೆ. ಹೊಟ್ಟೆ ಕೊಯ್ಯಬೇಡಿ, ಮಷಿನ್ ಹಚ್ಚಿ ಎಳೆಯಲೂ ಬೇಡಿ. ಮೊದಲನೆಯ ಭಯ ಎಲ್ಲಿಂದ ಬಂತೆಂಬುದು ಎಲ್ಲರಿಗೂ ಗೊತ್ತು. ಎರಡನೆಯದು ಬಹಳ ಹಳೆಯದು, ಅದಕ್ಕೆ ಕಾರಣಗಳೂ ಇವೆ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹೆರಿಗೆ ಕೋಣೆಗಳಲ್ಲಿ ಮೂವತ್ತು ವರ್ಷ ಶುಶ್ರೂಷಕಿಯಾಗಿದ್ದ ನನಗೆ ಆ ಕಾರಣಗಳನ್ನು ಬಿಡಿಸಿ ಹೇಳಬೇಕೆನಿಸಿದೆ.

ಇಕ್ಕಳ, ಅಂದರೆ ಮಗುವಿನ ತಲೆ ಹಿಡಿದು ಎಳೆಯುವ ಫೋರ್ಸೆಪ್ಸ್, ಹುಟ್ಟಿದ್ದೇ ಗುಟ್ಟಿನಲ್ಲಿ. ಇಂಗ್ಲೆಂಡಿನ ಚೇಂಬರ್ಲೆನ್ ಮನೆತನದ ವೈದ್ಯರು ಅದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರಿಗೆ ತೋರಿಸದೆ ಬಳಸಿದರು. ಅವರ ಉಪಕರಣಗಳು ಎಸೆಕ್ಸ್‌ನ ಹಳೆಯ ಮನೆಯೊಂದರ ಅಟ್ಟದಲ್ಲಿ, ನೆಲದ ಹಲಗೆಯಡಿ ಸಿಕ್ಕಿದ್ದು 1813ರಲ್ಲಿ. ಅಷ್ಟರೊಳಗೆ ಬೇರೆಯವರೂ ಇಕ್ಕಳ ತಯಾರಿಸಿ, ಸೊಂಟದ ಎಲುಬಿನ ಡೊಂಕಿಗೆ ಹೊಂದುವಂತೆ ಅದನ್ನು ಬಾಗಿಸಿದ್ದರು. ಕಲ್ಕತ್ತೆಯ ಪ್ರಸೂತಿ ತಜ್ಞ ಕೇದಾರನಾಥ ದಾಸ್ 1929ರಲ್ಲಿ ಇಕ್ಕಳಗಳ ಇತಿಹಾಸವನ್ನೇ ದೊಡ್ಡ ಗ್ರಂಥವಾಗಿ ಬರೆದರು. ಅವರ ಹೆಸರಿನ ಇಕ್ಕಳ ನಮ್ಮ ದೇಶದ ಹೆರಿಗೆ ಕೋಣೆಗಳಿಗೂ ಬಂತು. ಗಾಳಿ ಎಳೆದು ತಲೆ ಹಿಡಿಯುವ ಸಾಧನವನ್ನು ಸ್ಕಾಟ್ಲೆಂಡಿನ ಸಿಂಪ್ಸನ್ 1849ರಲ್ಲೇ ಪ್ರಯತ್ನಿಸಿದ್ದರೂ, ಅದು ನೆಚ್ಚಿಕೊಳ್ಳುವಂತಾದದ್ದು 1950ರ ದಶಕದಲ್ಲಿ, ಸ್ವೀಡನ್ನಿನ ಮಾಲ್ಮ್‌ಸ್ಟ್ರೋಮ್ ಲೋಹದ ಕಪ್ ರೂಪಿಸಿದ ಮೇಲೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಬಳಿ ಇದ್ದದ್ದು ಆ ಲೋಹದ ಕಪ್ಪೇ. ಕುದಿಸಿ ಡ್ರಮ್ಮಿನಲ್ಲಿಟ್ಟ ಬಟ್ಟಲು, ಒಳಗೆ ಸರಪಳಿ, ಕೆಂಪು ರಬ್ಬರ್ ಕೊಳವೆ, ಗಾಜಿನ ಬಾಟಲಿ, ಸೈಕಲ್ ಪಂಪಿನಂಥ ಕೈಪಂಪು. ಕರೆಂಟ್ ಹೋದರೂ ಅದು ನಡೆಯುತ್ತಿತ್ತು. ಪಂಪು ಹೊಡೆಯುವುದು ನನ್ನ ಕೆಲಸ, ಎಳೆಯುವುದು ವೈದ್ಯರದು. ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕೆಂಬ ನಿಯಮ ಆಗಿತ್ತು, ಮುಳ್ಳು 0.8ಕ್ಕೆ ಬರುವಷ್ಟರಲ್ಲಿ ಎಂಟು ಹತ್ತು ನಿಮಿಷ ಕಳೆಯುತ್ತಿತ್ತು. ನಂತರ ಮೆದುವಾದ ಸಿಲಿಕೋನ್ ಕಪ್ ಬಂತು. ಅದು ನೆತ್ತಿಯ ಚರ್ಮವನ್ನು ಕಡಿಮೆ ಗಾಯಗೊಳಿಸುತ್ತದೆ, ಆದರೆ ಲೋಹದ ಕಪ್ಪಿಗಿಂತ ಹೆಚ್ಚು ಸಲ ಕಳಚಿಕೊಳ್ಳುತ್ತದೆ. ಆಮೇಲೆ ಪಂಪು ಹಿಡಿಯಲ್ಲೇ ಇರುವ ಪ್ಲಾಸ್ಟಿಕ್ ಕಪ್ ಬಂತು. ಒತ್ತಡವನ್ನು ಒಮ್ಮೆಲೇ ಏರಿಸಬಹುದೆಂದು ತಿಳಿದ ಮೇಲೆ ನಮ್ಮ ನಿಮಿಷಗಳೂ ಉಳಿದವು. ಕಪ್ ಸುಲಭವಾಗುತ್ತಾ ಹೋದಂತೆ ಇಕ್ಕಳ ಹಿಡಿಯಲು ಬಲ್ಲ ಕೈಗಳು ಕಡಿಮೆಯಾದವು. 2005ರ ಜನನಿ ಸುರಕ್ಷಾ ಯೋಜನೆ ಮತ್ತು 2008ರಲ್ಲಿ ಬಂದ 108 ಆಂಬುಲೆನ್ಸ್ ಹೆರಿಗೆಗಳನ್ನು ಮನೆಯಿಂದ ಆಸ್ಪತ್ರೆಗೆ ತಂದವು. ಹಾಸಿಗೆಗಳು ತುಂಬಿದವು, ರಾತ್ರಿ ಪಾಳಿಯ ಅರಿವಳಿಕೆ ತಜ್ಞರು ಅಷ್ಟೇ ವೇಗದಲ್ಲಿ ಬರಲಿಲ್ಲ.

ಈ ಕೊನೆಯ ವಾಕ್ಯದಲ್ಲೇ ನಮ್ಮ ಭಾಗದ ಕಷ್ಟವಿದೆ. ಅದು ಅರ್ಥವಾಗಬೇಕಾದರೆ ಕಪ್ ಹಾಕುವ ಮೊದಲು ಏನೇನು ಸರಿಯಿರಬೇಕು ಎಂಬುದನ್ನು ನೋಡಬೇಕು.

ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂಟಿಮೀಟರ್ ತೆರೆದಿರಬೇಕು. ನೀರಿನ ಚೀಲ ಒಡೆದಿರಬೇಕು. ಮೂತ್ರಕೋಶವನ್ನು ನಳಿಕೆ ಹಾಕಿ ಖಾಲಿ ಮಾಡಿರಬೇಕು, ಇಲ್ಲವಾದರೆ ಎಳೆಯುವಾಗ ಅದಕ್ಕೇ ಏಟು ಬೀಳುತ್ತದೆ. ತಾಯಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆದಿರಬೇಕು, ನೋವು ತಡೆಯಲು ಚುಚ್ಚುಮದ್ದು ಕೊಟ್ಟಿರಬೇಕು. ಮುಖ ಮುಂದಾಗಿ ಬರುವ ಮಗುವಿಗೂ 34 ವಾರ ತುಂಬದ ಮಗುವಿಗೂ ಕಪ್ ಹಾಕುವುದಿಲ್ಲ. ಇವೆಲ್ಲ ಸರಿಯಿದ್ದರೂ ತಪ್ಪುವುದು ಎರಡು ಕಡೆ: ತಲೆ ಎಷ್ಟು ಇಳಿದಿದೆ, ಯಾವ ದಿಕ್ಕಿಗೆ ತಿರುಗಿದೆ.

ಬಹಳ ಹೊತ್ತು ಬೇನೆ ತಿಂದ ಮಗುವಿನ ನೆತ್ತಿಯ ಚರ್ಮ ಊದಿಕೊಂಡು ಮುಂದೆ ಚಾಚಿರುತ್ತದೆ. ಬೆರಳಿಗೆ ತಾಗುವುದು ಆ ಊತ. ತಲೆ ಬಾಗಿಲಿಗೆ ಬಂದೇ ಬಿಟ್ಟಿತು ಎನಿಸುತ್ತದೆ. ತಲೆಬುರುಡೆ ಮಾತ್ರ ಇನ್ನೂ ಮೇಲೆಯೇ ಇರುತ್ತದೆ. ಅದಕ್ಕೇ ಒಳಪರೀಕ್ಷೆಗೆ ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬೇಕು. ತಲೆಯನ್ನು ಐದು ಭಾಗವೆಂದು ಎಣಿಸಿದರೆ, ಹೊಟ್ಟೆಯಿಂದ ಒಂದು ಭಾಗಕ್ಕಿಂತ ಹೆಚ್ಚು ಕೈಗೆ ಸಿಗಬಾರದು. ದಿಕ್ಕು ತಿಳಿಯಲು ಸುಳಿಯ ಕಡೆ ಇರುವ ಚಿಕ್ಕ ತ್ರಿಕೋನದ ಮೆತ್ತಗಿನ ಜಾಗವನ್ನು ಹುಡುಕಬೇಕು. ಕಪ್ಪಿನ ನಡುಭಾಗ ಅದರಿಂದ 3 ಸೆಂಟಿಮೀಟರ್ ಮುಂದೆ, ಎಲುಬು ಕೂಡುವ ನಡುಗೆರೆಯ ಮೇಲೇ ಕೂರಬೇಕು. ಅಲ್ಲಿ ಹಿಡಿದು ಎಳೆದರೆ ಗಲ್ಲ ಎದೆಗೆ ತಾಗಿ, ತಲೆ ತನ್ನ ಅತಿ ಸಣ್ಣ ಅಳತೆಯಲ್ಲಿ ಹೊರಬರುತ್ತದೆ. ಕಪ್ ಹಣೆಯ ಕಡೆ ಸರಿದರೆ ಗಲ್ಲ ಮೇಲೇಳುತ್ತದೆ, ದೊಡ್ಡ ಅಳತೆ ಅಡ್ಡ ಬರುತ್ತದೆ, ಕಪ್ ಕಳಚುತ್ತದೆ.

ಎಳೆಯುವುದು ಬೇನೆ ಬಂದಾಗ, ತಾಯಿ ತಿಣುಕುವಾಗ ಮಾತ್ರ. ಪ್ರತಿ ಎಳೆತಕ್ಕೂ ತಲೆ ಇಳಿಯಲೇಬೇಕು. ಮೂರು ಎಳೆತಕ್ಕೆ ಹೆರಿಗೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಾರದಿದ್ದರೆ, ಕಪ್ ಎರಡು ಸಲ ಕಳಚಿದರೆ, ಅಥವಾ 20 ನಿಮಿಷ ಕಳೆದರೆ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಸಿಸೇರಿಯನ್. ಹಾಗಾಗಿ ಕೊನೆಯ ಷರತ್ತು ಹೆರಿಗೆ ಕೋಣೆಯ ಹೊರಗಿದೆ: ಶಸ್ತ್ರಚಿಕಿತ್ಸೆಯ ಕೋಣೆ, ಅರಿವಳಿಕೆ ತಜ್ಞರು ಮತ್ತು ರಕ್ತ ಸಿದ್ಧವಿರಬೇಕು. ನನ್ನ ಅನುಭವದಲ್ಲಿ ಹೆಚ್ಚಿನ ಗಾಯಗಳು ಈ ಷರತ್ತು ಇಲ್ಲದ ರಾತ್ರಿಗಳಲ್ಲಿ ಆದವು. ಹಿಂದೆ ಸರಿಯಲು ದಾರಿಯಿಲ್ಲದ ಕೈ ಇನ್ನೊಂದು ಸಲ ಎಳೆಯುತ್ತದೆ.

2011ರ ಒಂದು ಬೆಳಗಿನ ಜಾವದ ಮಾತು. ಚೊಚ್ಚಲ ಹೆರಿಗೆ, 39 ವಾರ, ತಾಯಿಯ ಹಿಮೋಗ್ಲೋಬಿನ್ 9. ಬಾಯಿ ಪೂರ್ತಿ ತೆರೆದು ಎರಡು ಗಂಟೆ ಆಗಿತ್ತು, ಮಗುವಿನ ಎದೆಬಡಿತ 90ಕ್ಕೆ ಇಳಿದು ನಿಧಾನವಾಗಿ ಏರುತ್ತಿತ್ತು. ಅರಿವಳಿಕೆ ತಜ್ಞರು ಊರಲ್ಲಿರಲಿಲ್ಲ, ದೊಡ್ಡ ಆಸ್ಪತ್ರೆ ಒಂದೂವರೆ ಗಂಟೆಯ ದಾರಿ. ಆಂಬುಲೆನ್ಸಿನಲ್ಲಿ ಆ ಎದೆಬಡಿತ ಎಷ್ಟು ಹೊತ್ತು ಉಳಿದೀತು ಎಂದು ಯಾರೂ ಹೇಳುವಂತಿರಲಿಲ್ಲ. ವೈದ್ಯರು ಕಪ್ ಹಾಕಿದರು. ಮೊದಲ ಎಳೆತಕ್ಕೆ ತಲೆ ಇಳಿಯಿತು, ಎರಡನೆಯದಕ್ಕೆ ಸ್ವಲ್ಪ. ಮೂರನೆಯದಕ್ಕೆ ಕಪ್ ಕಳಚಿತು. ಮತ್ತೆ ಕೂರಿಸಿದರು, ಐದನೆಯದಕ್ಕೆ ಮಗು ಬಂತು. 2.8 ಕಿಲೋ ಗಂಡು, ನಿಮಿಷದೊಳಗೆ ಅತ್ತಿತು. ಎಲ್ಲರೂ ಉಸಿರು ಬಿಟ್ಟೆವು. ವಿಟಮಿನ್ ಕೆ ಚುಚ್ಚಿ, ತಲೆಯ ಸುತ್ತಳತೆ 33.5 ಸೆಂಟಿಮೀಟರ್ ಎಂದು ಬರೆದುಕೊಂಡೆ.

ಕಪ್ ತೆಗೆದ ಜಾಗದಲ್ಲಿ ಬಟ್ಟಲಿನ ಅಚ್ಚಿನಂತೆ ಊತ ಇದ್ದೇ ಇರುತ್ತದೆ. ಅದು ಮರುದಿನದೊಳಗೆ ಇಳಿಯುತ್ತದೆ, ಭಯವಿಲ್ಲ. ಇನ್ನೊಂದು ಬಗೆಯ ಊತ ತಲೆಬುರುಡೆಯ ಒಂದು ಎಲುಬಿನ ಮೇಲೆ, ಅದರ ಪೊರೆಯಡಿ ರಕ್ತ ಸೇರಿ ಆಗುವುದು. ಎಲುಬಿನ ಅಂಚು ದಾಟುವುದಿಲ್ಲ, ಕರಗಲು ವಾರಗಳು ಬೇಕು, ಕೆಲವು ಮಕ್ಕಳಿಗೆ ಅದರಿಂದ ಕಾಮಾಲೆ ಹೆಚ್ಚುತ್ತದೆ. ಮೂರನೆಯದೇ ಪ್ರಾಣಕ್ಕೆ ಎರವಾಗುವುದು. ನೆತ್ತಿಯ ಚರ್ಮಕ್ಕೂ ಎಲುಬಿನ ಪೊರೆಗೂ ನಡುವೆ ಹುಬ್ಬಿನಿಂದ ಕತ್ತಿನ ಹಿಂಭಾಗದವರೆಗೆ ಸಡಿಲವಾದ ಜಾಗವಿದೆ. ಕಪ್ಪಿನ ಎಳೆತಕ್ಕೆ ಅಲ್ಲಿನ ರಕ್ತನಾಳ ಹರಿದರೆ ತಡೆಯುವ ಗೋಡೆಯೇ ಇಲ್ಲ. 2.8 ಕಿಲೋ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 240 ಮಿಲಿಲೀಟರ್. ಅಷ್ಟೂ ಆ ಜಾಗದಲ್ಲಿ ಹಿಡಿಯಬಲ್ಲದು.

ನಮ್ಮ ಕಡೆ ಹುಟ್ಟಿದ ಮಗುವಿಗೆ ಕುಂಚಿಗೆ ಕಟ್ಟುತ್ತಾರೆ. ಬೆಚ್ಚಗಿಡಲು ಅದು ಒಳ್ಳೆಯದೇ, ಆದರೆ ತಲೆ ಕಾಣುವುದಿಲ್ಲ. ಆ ಮಗುವಿನ ಅಜ್ಜಿ ಮಧ್ಯಾಹ್ನ ಒಂದು ಗಂಟೆಗೆ ಕುಂಚಿಗೆ ಬಿಚ್ಚಿ, ಡೊಂಕಾದ ತಲೆಯನ್ನು ಎಣ್ಣೆ ಹಚ್ಚಿ ತಿದ್ದಲು ಹೋದರು. ಕೈ ಹಿಂತೆಗೆದು ನನ್ನನ್ನು ಕರೆದರು: “ಸಿಸ್ಟರ್, ಕೂಸಿನ ತಲೆ ನೀರು ತುಂಬಿದ ಚೀಲದ ಹಾಗಿದೆ.” ಬೆರಳಿಟ್ಟರೆ ಅಲೆಯಂತೆ ಸರಿಯುತ್ತಿತ್ತು. ಮಗುವನ್ನು ಮಗ್ಗುಲು ಮಾಡಿದರೆ ಊತವೂ ಆ ಕಡೆ ಜಾರುತ್ತಿತ್ತು, ಕಿವಿಗಳು ಮುಂದಕ್ಕೆ ಸರಿದಿದ್ದವು. ತುಟಿ ಬಿಳಚಿ, ಎದೆಬಡಿತ 180 ದಾಟಿತ್ತು. ಸುತ್ತಳತೆ 36. ಒಂದು ಸೆಂಟಿಮೀಟರ್ ಏರಿದರೆ ಸುಮಾರು 40 ಮಿಲಿಲೀಟರ್ ರಕ್ತ ಹೋಗಿದೆ ಎಂಬ ಲೆಕ್ಕದಂತೆ, ಮೈಯ ರಕ್ತದಲ್ಲಿ ಐದರಲ್ಲಿ ಎರಡು ಪಾಲು ನೆತ್ತಿಯಡಿ ನಿಂತಿತ್ತು.

ಸೂಜಿ ಚುಚ್ಚಿ ಅದನ್ನು ಹೊರತೆಗೆಯಬಾರದು, ತಿಕ್ಕಲೂಬಾರದು. ಮಾಡಬೇಕಾದದ್ದು ರಕ್ತ ಕೊಡುವುದು. ಹೊಕ್ಕುಳಿನ ರಕ್ತನಾಳದಲ್ಲಿ ದ್ರಾವಣ ಹಾಕಿಕೊಂಡು, ಮುಂದಾಗಿ ಫೋನ್ ಮಾಡಿ, ಮಗುವನ್ನು ಜಿಲ್ಲಾ ಕೇಂದ್ರದ ನವಜಾತ ಶಿಶು ಘಟಕಕ್ಕೆ ಕಳಿಸಿದೆವು. ಅಲ್ಲಿ ಎರಡು ಸಲ ರಕ್ತ ಕೊಟ್ಟರು, ಮಗು ಉಳಿಯಿತು. ಕಪ್ ಹಾಕಿದ ಮಗುವಿನ ತಲೆಯನ್ನು ಗಂಟೆಗೊಮ್ಮೆ ಕುಂಚಿಗೆ ಬಿಚ್ಚಿ ಮುಟ್ಟಿ ನೋಡುವ ಪಟ್ಟಿ ಅಂದು ನಮ್ಮಲ್ಲಿರಲಿಲ್ಲ. ಆ ವಾರವೇ ಬರೆದು ಗೋಡೆಗೆ ಅಂಟಿಸಿದೆವು.

ಇಕ್ಕಳದ ಗಾಯಗಳು ಬೇರೆ ಬಗೆಯವು. ಕೆನ್ನೆಯ ಮೇಲೆ ಅಚ್ಚು ಮೂಡುತ್ತದೆ. ಕೆಲವೊಮ್ಮೆ ಕಿವಿಯ ಮುಂದಿನ ನರ ಒತ್ತಿ, ಅಳುವಾಗ ಬಾಯಿ ಒಂದು ಕಡೆಗೆ ಎಳೆಯುತ್ತದೆ. ಹೆಚ್ಚಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬುರುಡೆ ಬಿರುಕು ಅಪರೂಪ. ನೆತ್ತಿಯಡಿಯ ರಕ್ತಸ್ರಾವ ಕಪ್ಪಿನಲ್ಲೇ ಹೆಚ್ಚು. ತಾಯಿಯ ಮಟ್ಟಿಗೆ ಲೆಕ್ಕ ತಿರುಗುತ್ತದೆ. ಗುದದ ಬಿಗಿ ಸ್ನಾಯು ಹರಿಯುವುದು ಕಪ್ಪಿನಲ್ಲಿ ನೂರಕ್ಕೆ 1ರಿಂದ 4 ಮಂದಿಗಾದರೆ, ಇಕ್ಕಳದಲ್ಲಿ 8ರಿಂದ 12 ಮಂದಿಗೆ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜಿನ ಮಾರ್ಗಸೂಚಿ ಹೇಳುತ್ತದೆ. ಹೊಲಿಗೆ ಹಾಕುವ ಮೊದಲು ಗುದದಲ್ಲಿ ಬೆರಳಿಟ್ಟು ನೋಡಿದರೆ ಹರಿದದ್ದು ತಿಳಿಯುತ್ತದೆ. ಮಗುವಿನ ಕಡೆಗೇ ಎಲ್ಲರ ಕಣ್ಣಿರುವಾಗ ತಪ್ಪಿಹೋಗುವುದೂ ಇದೇ ಪರೀಕ್ಷೆ.

2011ರ ಆ ಹೆರಿಗೆಯ ತಾಯಿ ಒಂದೂವರೆ ತಿಂಗಳ ಲಸಿಕೆಗೆ ಮಗುವನ್ನು ಎತ್ತಿಕೊಂಡು ಬಂದಳು. ಕೂಸಿನ ತಲೆ ದುಂಡಗಾಗಿತ್ತು. ಅತ್ತೆ ಚೀಟಿ ಬರೆಸಲು ಹೊರಗೆ ಹೋದ ಮೇಲೆ ಅವಳು ನನ್ನ ಹತ್ತಿರ ಬಂದು, “ಅಕ್ಕಾ, ವಾಯು ತಡೆಯಲಾಗುತ್ತಿಲ್ಲ. ಎಲ್ಲ ಬಾಣಂತಿಯರಿಗೂ ಹೀಗೇ ಆಗುತ್ತದೆಯೇ?” ಎಂದು ಕೇಳಿದಳು. ಪರೀಕ್ಷಿಸಿದಾಗ ಸ್ನಾಯುವಿನ ಮುಂಭಾಗ ಬಿಟ್ಟುಕೊಂಡಿರುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಅತ್ತೆ ಒಳಗೆ ಬರುವ ಮೊದಲೇ ಬಳ್ಳಾರಿಗೆ ಚೀಟಿ ಬರೆಸಿಕೊಟ್ಟೆ.