ಪೂರ್ವ ಪರೀಕ್ಷೆಯ ಅಂಕ ಸರಿದೂಗಿಸಿ ಎರಡು ಗುಂಪು ಹೋಲಿಸುವುದು: ಆನ್‌ಕೋವಾ ಟಿಪ್ಪಣಿ

ಕಲಬುರಗಿಯಲ್ಲಿ ನಮ್ಮ ಜೊತೆ ಎಂ.ಎಡ್ ಓದುತ್ತಿರುವವರು ಪ್ರಬಂಧಕ್ಕೆ ಆರಿಸಿಕೊಳ್ಳುವ ವಿನ್ಯಾಸ ಹೆಚ್ಚುಕಮ್ಮಿ ಒಂದೇ. ಎರಡು ಗುಂಪು, ಮೊದಲೊಂದು ಪರೀಕ್ಷೆ, ಆರು ವಾರ ಪಾಠ, ಆಮೇಲೆ ಇನ್ನೊಂದು ಪರೀಕ್ಷೆ. ಕೊನೆಗೆ ಎಲ್ಲರೂ ಒಂದೇ ಕಡೆ ಸಿಕ್ಕಿಬೀಳುತ್ತೇವೆ: ಮೊದಲ ಪರೀಕ್ಷೆಯ ಅಂಕವನ್ನು ಏನು ಮಾಡುವುದು? ನಾನೂ ಮೊದಲ ಸಲ ಬರೀ ಕೊನೆಯ ಅಂಕಗಳಿಗೆ ಟಿ ಪರೀಕ್ಷೆ ಹಾಕಿ ತಂದಿದ್ದೆ. ನಮ್ಮ ಗೈಡ್ ಮೇಡಂ ಒಂದೇ ಮಾತು ಕೇಳಿದರು: "ಮಕ್ಕಳು ಒಂದೇ ಗೆರೆಯಿಂದ ಓಟ ಶುರು ಮಾಡಿದ್ರಾ?" ಈ ಟಿಪ್ಪಣಿ ಆ ಪ್ರಶ್ನೆಗೆ ಉತ್ತರ.

ಒಂದು ಉದಾಹರಣೆ ಹಿಡಿದುಕೊಂಡು ಕೊನೆಯವರೆಗೂ ಅದರಲ್ಲೇ ಹೋಗೋಣ. ಚಿತ್ತಾಪುರ ತಾಲ್ಲೂಕಿನ ಒಂದು ಶಾಲೆ, ಏಳನೇ ತರಗತಿ, ಪಾಠ ಭಿನ್ನರಾಶಿ. ಒಂದು ಗುಂಪಿಗೆ ಜೋಳದ ರೊಟ್ಟಿಯ ಅಳತೆಗೆ ಕತ್ತರಿಸಿದ ರಟ್ಟಿನ ತುಂಡು ಜೋಡಿಸಿ ಕಲಿಸುತ್ತೇವೆ, ಇದು ರೊಟ್ಟಿ ಗುಂಪು. ಇನ್ನೊಂದಕ್ಕೆ ಎಂದಿನಂತೆ ಹಲಗೆಯ ಮೇಲೆ, ಇದು ಹಲಗೆ ಗುಂಪು. ಯಾರು ಯಾವ ಗುಂಪಿಗೆ ಎಂಬುದನ್ನು ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದ್ದೇವೆ. ಎರಡೂ ಗುಂಪಿಗೆ ಕಲಿಸುವವರು ಒಬ್ಬರೇ. ಅಂಕ 20ಕ್ಕೆ. ಕೈಲೆಕ್ಕಕ್ಕೆ ಸುಲಭವಾಗಲಿ ಅಂತ ಗುಂಪಿಗೆ ಐದೇ ಮಕ್ಕಳನ್ನು ಇಟ್ಟಿದ್ದೇನೆ, ಅಂಕಗಳೂ ನಾನೇ ಹಾಕಿಕೊಂಡವು.

| ಗುಂಪು | ಮೊದಲ ಅಂಕ | ಕೊನೆಯ ಅಂಕ |
|---|---|---|
| ರೊಟ್ಟಿ | 4, 6, 8, 10, 12 | 11, 13, 14, 15, 17 |
| ಹಲಗೆ | 6, 8, 10, 12, 14 | 11, 12, 14, 12, 16 |

ರೊಟ್ಟಿ ಗುಂಪಿನ ಸರಾಸರಿ ಮೊದಲು 8, ಕೊನೆಗೆ 14. ಹಲಗೆ ಗುಂಪಿನದು ಮೊದಲು 10, ಕೊನೆಗೆ 13. ಚೀಟಿ ಎತ್ತಿದರೂ ಆಕಸ್ಮಿಕವಾಗಿ ಹಲಗೆ ಗುಂಪಿಗೆ ಎರಡು ಅಂಕ ಮುಂದಿರುವ ಮಕ್ಕಳು ಬಿದ್ದಿದ್ದಾರೆ. ಗುಂಪು ಚಿಕ್ಕದಾದಷ್ಟೂ ಹೀಗಾಗುವುದು ಜಾಸ್ತಿ.

ಈಗ ವ್ಯತ್ಯಾಸ ಎಷ್ಟು? ಕೊನೆಯ ಅಂಕ ಮಾತ್ರ ನೋಡಿದರೆ 14 − 13 = 1. ಪ್ರತಿ ಮಗುವಿನ ಏರಿಕೆ ನೋಡಿದರೆ ರೊಟ್ಟಿ ಗುಂಪು 6 ಏರಿದೆ, ಹಲಗೆ ಗುಂಪು 3 ಏರಿದೆ, ವ್ಯತ್ಯಾಸ 3. ಅದೇ ಮಕ್ಕಳು, ಅದೇ ಅಂಕ, ಉತ್ತರ ಮಾತ್ರ ಎರಡು. ಎಲ್ಲಿ ತಪ್ಪಿತು?

ಎರಡೂ ಲೆಕ್ಕಗಳ ಒಳಗೆ ಒಂದೊಂದು ಊಹೆ ಕೂತಿದೆ. ಮೊದಲಲ್ಲಿ ಎರಡು ಅಂಕ ಮುಂದಿದ್ದವರು ಕೊನೆಯಲ್ಲಿ ಎಷ್ಟು ಮುಂದಿರಬೇಕಿತ್ತು, ಪಾಠ ಒಂದೇ ಆಗಿದ್ದರೆ? "ಏನೂ ಇಲ್ಲ" ಅನ್ನುತ್ತದೆ ಕೊನೆಯ ಅಂಕದ ಲೆಕ್ಕ. "ಪೂರ್ತಿ ಎರಡು ಅಂಕ" ಅನ್ನುತ್ತದೆ ಏರಿಕೆಯ ಲೆಕ್ಕ. ಎರಡೂ ಊಹೆಗಳು ಸುಮ್ನೆ ಹಾಕಿಕೊಂಡವು. ಆನ್‌ಕೋವಾ ಊಹಿಸುವುದಿಲ್ಲ, ಅಂಕಗಳನ್ನೇ ಕೇಳುತ್ತದೆ: ಮೊದಲ ಪರೀಕ್ಷೆಯಲ್ಲಿ ಒಂದು ಅಂಕ ಹೆಚ್ಚಿದ್ದ ಮಗು ತನ್ನದೇ ಗುಂಪಿನಲ್ಲಿ ಕೊನೆಗೆ ಎಷ್ಟು ಹೆಚ್ಚು ತೆಗೆದಿದೆ? ಆ ಸಂಖ್ಯೆಯೇ ಸ್ಲೋಪ್.

ಇದು ಸಾಮಾನ್ಯವಾಗಿ 1ಕ್ಕಿಂತ ಕಡಿಮೆ ಬರುತ್ತದೆ. ಯಾಕೆ ಅಂತ ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಒಬ್ಬ ಹುಡುಗಿಯಿಂದ. ಜನವರಿಯಲ್ಲಿ ತೊಗರಿ ರಾಶಿ ನಡೆದಿತ್ತು. ಹಿಂದಿನ ರಾತ್ರಿ ತಡವಾಗುವವರೆಗೆ ಹೊಲದಲ್ಲಿದ್ದ ಅವಳು ಪೂರ್ವ ಪರೀಕ್ಷೆಯಲ್ಲಿ ತೂಕಡಿಸುತ್ತಾ ಕೂತಿದ್ದಳು. ನಾಲ್ಕು ಲೆಕ್ಕ ಬರೆದು ಪೆನ್ಸಿಲ್ ಕೆಳಗಿಟ್ಟಳು. ಅವಳ ಅಂಕದಲ್ಲಿ ಅವಳಿಗೆ ಗೊತ್ತಿದ್ದುದೂ ಇತ್ತು, ಆ ದಿನದ ನಿದ್ದೆಯೂ ಇತ್ತು. ನಿದ್ದೆ ಕೊನೆಯ ಪರೀಕ್ಷೆಗೆ ಹಿಂಬಾಲಿಸುವುದಿಲ್ಲ. ಹಾಗಾಗಿ ತೀರಾ ಕೆಳಗಿದ್ದವರು ಪಾಠ ಏನೇ ಇರಲಿ ಸ್ವಲ್ಪ ಮೇಲೆ ಬರುತ್ತಾರೆ, ಅದೃಷ್ಟದಿಂದ ಮೇಲಿದ್ದವರು ಸ್ವಲ್ಪ ಕೆಳಗೆ ಬರುತ್ತಾರೆ. ಏರಿಕೆಯ ಲೆಕ್ಕ ಈ ತಾನಾಗೇ ಆಗುವ ಏರಿಕೆಯನ್ನೂ ರೊಟ್ಟಿ ಗುಂಪಿನ ಖಾತೆಗೆ ಬರೆದುಬಿಡುತ್ತದೆ. ಆ ಗುಂಪು ಕೆಳಗಿಂದ ಶುರು ಮಾಡಿತ್ತು, ಅಲ್ವಾ?

ಈಗ ಸ್ಲೋಪ್ ಲೆಕ್ಕ. ಪ್ರತಿ ಗುಂಪಿನಲ್ಲೂ ಮೊದಲ ಅಂಕ ಆ ಗುಂಪಿನ ಸರಾಸರಿಯಿಂದ ಎಷ್ಟು ದೂರ, ಕೊನೆಯ ಅಂಕ ಎಷ್ಟು ದೂರ ಎಂದು ಬರೆದು, ಎರಡನ್ನೂ ಗುಣಿಸಿ ಕೂಡಿ. ರೊಟ್ಟಿ ಗುಂಪಿನಲ್ಲಿ 28 ಬರುತ್ತದೆ, ಹಲಗೆ ಗುಂಪಿನಲ್ಲಿ 20. ಮೊದಲ ಅಂಕದ ದೂರಗಳ ವರ್ಗ ಕೂಡಿದರೆ ಎರಡರಲ್ಲೂ 40. ಎರಡೂ ಗುಂಪು ಸೇರಿಸಿದರೆ 48 ÷ 80 = 0.6.

ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ. ಹತ್ತೂ ಮಕ್ಕಳನ್ನು ಒಂದೇ ರಾಶಿ ಮಾಡಿ ಗೆರೆ ಎಳೆಯುತ್ತಾರೆ. ಹಾಗೆ ಮಾಡಿದರೆ 43 ÷ 90, ಅಂದರೆ 0.48 ಬರುತ್ತದೆ. ಅದರಲ್ಲಿ ಪಾಠದ ಪರಿಣಾಮವೂ ಬೆರೆತುಹೋಗಿರುತ್ತದೆ. ದೂರವನ್ನು ಯಾವಾಗಲೂ ಆಯಾ ಗುಂಪಿನ ಸರಾಸರಿಯಿಂದಲೇ ಅಳೆಯಬೇಕು.

ಇನ್ನುಳಿದದ್ದು ಸುಲಭ. ಎಲ್ಲರ ಮೊದಲ ಸರಾಸರಿ 9. ಎರಡೂ ಗುಂಪು 9ರಿಂದ ಶುರು ಮಾಡಿದ್ದರೆ ಕೊನೆಗೆ ಎಲ್ಲಿರುತ್ತಿದ್ದವು ಎಂದು ಕೇಳುತ್ತೇವೆ.

ರೊಟ್ಟಿ: 14 − 0.6 × (8 − 9) = 14.6
ಹಲಗೆ: 13 − 0.6 × (10 − 9) = 12.4

ವ್ಯತ್ಯಾಸ 2.2. ಇವೇ ಸರಿದೂಗಿಸಿದ ಸರಾಸರಿಗಳು. ಹಿಂದಿನ ಎರಡು ಉತ್ತರಗಳೂ ಇದೇ ಸೂತ್ರದಲ್ಲಿವೆ. 0.6ರ ಜಾಗದಲ್ಲಿ 0 ಇಟ್ಟರೆ 1 ಬರುತ್ತದೆ, 1 ಇಟ್ಟರೆ 3 ಬರುತ್ತದೆ. ಇದನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿ, ಮರೆಯುವುದಿಲ್ಲ.

ಆದರೆ ಚೀಟಿ ಎತ್ತಿದ ಅಧ್ಯಯನದಲ್ಲಿ ಆನ್‌ಕೋವಾದ ದೊಡ್ಡ ಲಾಭ ಈ ಸರಿದೂಗಿಸುವಿಕೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಲಾಭ ಇರುವುದು ಸ್ಟ್ಯಾಂಡರ್ಡ್ ಎರರ್‌ನಲ್ಲಿ. ಮಕ್ಕಳ ಕೊನೆಯ ಅಂಕ ಒಬ್ಬರಿಂದೊಬ್ಬರಿಗೆ ಬೇರೆಯಾಗುವುದಕ್ಕೆ ದೊಡ್ಡ ಕಾರಣ, ಅವರು ಮೊದಲೇ ಬೇರೆಯಾಗಿದ್ದರು ಎಂಬುದು. ಆ ಪಾಲನ್ನು ತೆಗೆದರೆ ಉಳಿಯುವ ಗದ್ದಲ ಕಡಿಮೆ. ನಮ್ಮ ಅಂಕಗಳಲ್ಲಿ ಗುಂಪಿನೊಳಗಿನ ವರ್ಗಗಳ ಮೊತ್ತ 36 ಇತ್ತು. ಮೊದಲ ಅಂಕ ಅದರಲ್ಲಿ 28.8 ಅನ್ನು ವಿವರಿಸಿತು, ಉಳಿದದ್ದು 7.2. ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ ಕೊನೆಯ ಅಂಕದ ಲೆಕ್ಕದಲ್ಲಿ 1.34, ಏರಿಕೆಯ ಲೆಕ್ಕದಲ್ಲಿ 1.00, ಆನ್‌ಕೋವಾದಲ್ಲಿ 0.68. ಹಾಗಾಗಿ 2.2 ÷ 0.68, ಟಿ ಸುಮಾರು 3.23 ಆಗುತ್ತದೆ. ಮಕ್ಕಳು 10, ಅಂದಾಜು ಮಾಡಿದ ಸಂಖ್ಯೆಗಳು 3, ಸ್ವಾತಂತ್ರ್ಯದ ಅಂಶ 7. ಶೇ 95ರ ವ್ಯಾಪ್ತಿ ಸುಮಾರು 0.6ರಿಂದ 3.8. ನಿಜವಾದ ತರಗತಿಯಲ್ಲಿ ಎರಡು ಪರೀಕ್ಷೆಗಳ ನಂಟು ಇಷ್ಟು ಗಟ್ಟಿಯಾಗಿರುವುದು ಅಪರೂಪ, ಲಾಭವೂ ಅಷ್ಟೇ ಕಡಿಮೆಯಾಗುತ್ತದೆ.

ಆರ್‌ನಲ್ಲಿ ಹೀಗೆ:

```
d <- data.frame(
  gumpu = factor(rep(c("halage","rotti"), each = 5)),
  pre   = c(6,8,10,12,14, 4,6,8,10,12),
  post  = c(11,12,14,12,16, 11,13,14,15,17))
m <- lm(post ~ pre + gumpu, data = d)
summary(m)
anova(m, lm(post ~ pre * gumpu, data = d))
```

`summary(m)`ನಲ್ಲಿ `pre` ಎದುರು 0.6, `gumpurotti` ಎದುರು 2.2 ಕಾಣಬೇಕು. ಎಸ್‌ಪಿಎಸ್‌ಎಸ್ ಬಳಸುವವರು `Univariate` ಕಿಟಕಿಯಲ್ಲಿ ಗುಂಪನ್ನು `Fixed Factor(s)`ಗೆ, ಮೊದಲ ಅಂಕವನ್ನು `Covariate(s)`ಗೆ ಹಾಕಿ.

ಕೊನೆಯ ಸಾಲು ಒಂದು ಷರತ್ತಿನ ತಪಾಸಣೆ. ನಾವು ಎರಡೂ ಗುಂಪಿಗೆ ಒಂದೇ ಸ್ಲೋಪ್ ಎಂದು ಒಪ್ಪಿಕೊಂಡೆವು. ನಿಜಕ್ಕೂ ರೊಟ್ಟಿ ಗುಂಪಿನದು 0.7, ಹಲಗೆ ಗುಂಪಿನದು 0.5. ಈ ಅಂತರಕ್ಕೆ ಎಫ್ 0.75 ಬರುತ್ತದೆ, ಅಂದರೆ ಆಕಸ್ಮಿಕವಾಗಿಯೇ ಇಷ್ಟು ಅಂತರ ಆರಾಮಾಗಿ ಬರಬಹುದು. ಆದರೆ ಹತ್ತು ಮಕ್ಕಳಲ್ಲಿ ಈ ತಪಾಸಣೆಯ ಕಣ್ಣು ಮಂಜು. ಅದಕ್ಕೇ ಎರಡೂ ಗೆರೆಗಳ ಚಿತ್ರ ಬಿಡಿಸಿ ನೋಡುವುದನ್ನು ಬಿಡಬೇಡಿ. ಗೆರೆಗಳು ಕತ್ತರಿಯಂತೆ ದಾಟಿಕೊಂಡರೆ, ಒಂದು ವಿಧಾನ ಹಿಂದುಳಿದ ಮಕ್ಕಳಿಗೆ ಒಳ್ಳೆಯದು, ಇನ್ನೊಂದು ಮುಂದಿರುವವರಿಗೆ ಒಳ್ಳೆಯದು ಎಂದರ್ಥ. ಆಗ "ವ್ಯತ್ಯಾಸ 2.2" ಎಂಬ ಒಂದೇ ಸಂಖ್ಯೆ ಯಾವ ಮಗುವಿನ ಕಥೆಯನ್ನೂ ಹೇಳುವುದಿಲ್ಲ. ಮೊದಲ ಅಂಕ 5 ಇದ್ದವರಿಗೆ ಎಷ್ಟು, 12 ಇದ್ದವರಿಗೆ ಎಷ್ಟು ಎಂದು ಬೇರೆ ಬೇರೆ ಬರೆಯಬೇಕು.

ಮೊದಲ ಅಂಕದಲ್ಲಿ ಗುಂಪುಗಳು ಬೇರೆಯೇ ಎಂದು ಟಿ ಪರೀಕ್ಷೆ ಮಾಡಿ, ಬೇರೆಯಿದ್ದರೆ ಮಾತ್ರ ಆನ್‌ಕೋವಾ ಎನ್ನುವ ರೂಢಿ ನಮ್ಮಲ್ಲಿ ಇದೆ. ಅದನ್ನು ಬಿಡಿ. ಚೀಟಿ ಎತ್ತಿದ ಮೇಲೆ ಅಂತರ ಬಂದದ್ದು ಆಕಸ್ಮಿಕ ಎಂದು ಮೊದಲೇ ಗೊತ್ತು, ಪರೀಕ್ಷಿಸಲು ಏನೂ ಉಳಿದಿಲ್ಲ. ಅಂತರ ಇಲ್ಲದಿದ್ದರೂ ಸ್ಟ್ಯಾಂಡರ್ಡ್ ಎರರ್‌ನ ಲಾಭ ಇದ್ದೇ ಇದೆ. ಅಂಕ ನೋಡುವ ಮುಂಚೆಯೇ ಯೋಜನೆಯಲ್ಲಿ ಆನ್‌ಕೋವಾ ಎಂದು ಬರೆದಿಡಿ.

ಈಗ ಕಷ್ಟದ ಭಾಗ. ಶಹಾಪುರದ ಗೆಳತಿಯೊಬ್ಬಳು ಚೀಟಿ ಎತ್ತಲಾಗದೆ, ಊರಿನ ಸರ್ಕಾರಿ ಶಾಲೆಯನ್ನು ಪ್ರಾಯೋಗಿಕ ಗುಂಪು, ಪಟ್ಟಣದ ಖಾಸಗಿ ಶಾಲೆಯನ್ನು ನಿಯಂತ್ರಿತ ಗುಂಪು ಮಾಡಿಕೊಂಡಳು. "ಆನ್‌ಕೋವಾ ಹಾಕಿದ್ರೆ ಸಮ ಆಗುತ್ತಲ್ಲ?" ಎಂದು ಕೇಳಿದಳು. ಆಗುವುದಿಲ್ಲ. ಫ್ರೆಡರಿಕ್ ಲಾರ್ಡ್ 1967ರಲ್ಲಿ ಇದನ್ನೇ ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಿದರು. ಹುಡುಗರ ಸರಾಸರಿ ತೂಕವೂ ಹುಡುಗಿಯರ ಸರಾಸರಿ ತೂಕವೂ ವರ್ಷದಲ್ಲಿ ಬದಲಾಗಿಲ್ಲ. ಏರಿಕೆ ನೋಡಿದವರು ವ್ಯತ್ಯಾಸ ಸೊನ್ನೆ ಎಂದರು, ಆನ್‌ಕೋವಾ ಮಾಡಿದವರು ಹುಡುಗರು ಜಾಸ್ತಿ ಏರಿದರು ಎಂದರು. ಮೊದಲಿನಿಂದಲೇ ಬೇರೆಯಾದ ಗುಂಪುಗಳನ್ನು ಎಲ್ಲರೂ ಒಂದೇ ಸರಾಸರಿಯ ಕಡೆ ಮರಳುತ್ತಾರೆ ಎಂದು ಆನ್‌ಕೋವಾ ನೋಡುತ್ತದೆ. ಆದರೆ ಎರಡು ಶಾಲೆಯ ಮಕ್ಕಳು ತಂತಮ್ಮ ಶಾಲೆಯ ಸರಾಸರಿಯ ಕಡೆ ಮರಳುತ್ತಾರೆ.

ಅದರ ಮೇಲೆ ಪರೀಕ್ಷೆಯ ಅಂಕದಲ್ಲೇ ನಿದ್ದೆ, ಅದೃಷ್ಟ ಬೆರೆತಿರುತ್ತದಲ್ಲ, ಅದು ಸ್ಲೋಪನ್ನು ತಗ್ಗಿಸುತ್ತದೆ. ಅಂಕದ ವಿಶ್ವಾಸಾರ್ಹತೆ 0.75 ಆಗಿದ್ದರೆ, ನಮಗೆ ಕಂಡ 0.6ರ ಹಿಂದೆ ನಿಜವಾದ ಸ್ಲೋಪ್ 0.6 ÷ 0.75 = 0.8 ಇದ್ದೀತು. ಆಗ ಇದೇ ಅಂಕಗಳು ಚೀಟಿ ಎತ್ತದ ಎರಡು ಶಾಲೆಗಳಿಂದ ಬಂದಿದ್ದರೆ ವ್ಯತ್ಯಾಸ 2.2 ಅಲ್ಲ, 1 + 0.8 × 2 = 2.6 ಆಗಬೇಕು. ಚೀಟಿ ಎತ್ತಿದ ಅಧ್ಯಯನದಲ್ಲಿ ಇದು ಪಕ್ಷಪಾತ ತರುವುದಿಲ್ಲ, ಯಾರು ಮುಂದೆ ಬೀಳುತ್ತಾರೆ ಎಂಬುದು ಸಲಕ್ಕೊಂದು ಕಡೆ ವಾಲುತ್ತದೆ. ಆದರೆ ಹಿಂದುಳಿದ ಶಾಲೆಗೇ ಹೊಸ ಪಾಠ ಕೊಟ್ಟಾಗ ಪ್ರತಿ ಸಲವೂ ಸರಿದೂಗಿಕೆ ಸಾಲದೆ, ಆ ಮಕ್ಕಳ ಗಳಿಕೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಒಳ್ಳೆಯ ಕಾರ್ಯಕ್ರಮವೊಂದು ಕೆಲಸಕ್ಕೆ ಬಾರದ್ದು ಎನಿಸಿಕೊಳ್ಳಬಹುದು. ನಮ್ಮ ಭಾಗದ ಶಾಲೆಗಳ ಬಗ್ಗೆ ಬರೆಯುವ ನಮಗೆ ಇದು ಸಣ್ಣ ಮಾತಲ್ಲ.

ಗೆಳತಿಗೆ ಕೊನೆಗೆ ಹೇಳಿದ್ದು ಇಷ್ಟು. ಸಾಧ್ಯವಿದ್ದರೆ ಒಂದೇ ಶಾಲೆಯೊಳಗೆ ಚೀಟಿ ಎತ್ತು. ಆಗದಿದ್ದರೆ ಏರಿಕೆಯ ಲೆಕ್ಕವನ್ನೂ ಆನ್‌ಕೋವಾವನ್ನೂ ಪಕ್ಕಪಕ್ಕ ಕೊಡು, ಎರಡೂ ಯಾವ ಊಹೆಯ ಮೇಲೆ ನಿಂತಿವೆ ಎಂದು ಬರೆ. ಗುಂಪಿಗೊಂದೇ ಶಾಲೆ ಇರುವುದರಿಂದ ಪಾಠದ ಪರಿಣಾಮವನ್ನು ಶಾಲೆಯ ಪರಿಣಾಮದಿಂದ ಬೇರ್ಪಡಿಸಲು ಬರುವುದಿಲ್ಲ ಎಂಬುದನ್ನೂ ಮಿತಿಗಳ ಅಧ್ಯಾಯದಲ್ಲಿ ಸ್ಪಷ್ಟವಾಗಿ ಬರೆ. ಅವಳು ಮೊದಲನೆಯದನ್ನು ಆರಿಸಿಕೊಂಡಳು, ಮುಂದಿನ ವಾರ ಶಹಾಪುರದ ಆ ಸರ್ಕಾರಿ ಶಾಲೆಯಲ್ಲೇ ಚೀಟಿ ಎತ್ತುತ್ತಾಳೆ.