ಏಳು ವರ್ಷದ ಕಾರ್ ಸಾಲದಲ್ಲಿ ಅಸಲು ಯಾಕೆ ಕರಗುವುದಿಲ್ಲ?

ಕಳೆದ ತಿಂಗಳು ಹೈಸ್ಕೂಲ್ ಮೇಷ್ಟ್ರೊಬ್ಬರು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಸಾಲದ ಸ್ಟೇಟ್‌ಮೆಂಟು, ಮುಖದ ತುಂಬಾ ಸಿಟ್ಟು. ಎರಡು ವರ್ಷದ ಹಿಂದೆ ಕಾರಿಗೆ 6 ಲಕ್ಷ ಸಾಲ ತೆಗೆದಿದ್ದರು. ಬಡ್ಡಿ ವರ್ಷಕ್ಕೆ ಶೇಕಡಾ 9, ಅವಧಿ 84 ತಿಂಗಳು, ಕಂತು ₹9,653. ಒಂದು ಕಂತೂ ತಪ್ಪಿಸಿರಲಿಲ್ಲ. 24 ಕಂತಿನಲ್ಲಿ ₹2,31,672 ಕಟ್ಟಿದ್ದರು. ಬಾಕಿ ನೋಡಿದರೆ ಇನ್ನೂ ₹4,65,000 ಚಿಲ್ಲರೆ.

‘ಎರಡೂಕಾಲು ಲಕ್ಷದ ಮೇಲೆ ಕಟ್ಟಿದ್ದೀನಿ ಸಾರ್, ಇಳಿದಿರೋದು ಒಂದೂವರೆ ಲಕ್ಷವೂ ಇಲ್ಲ. ಬ್ಯಾಂಕಿನವರು ಬಡ್ಡಿನೆಲ್ಲ ಮೊದಲೇ ಹಿಡ್ಕೊಂಡುಬಿಡ್ತಾರೆ, ಅಲ್ವಾ?’ ಅಂದರು.

ಈ ಮಾತು ನಾನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ನಿಜ ಹೇಳಬೇಕೆಂದರೆ ಕೇಳಿ ಕೇಳಿ ಬೇಸರವಾಗಿದೆ. ಯಾಕಂದ್ರೆ ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಜನ ಎರಡು ಕಡೆ ದುಡ್ಡು ಕಳೆದುಕೊಳ್ಳುತ್ತಾರೆ. ಸಾಲ ತೆಗೆಯುವಾಗ ಒಮ್ಮೆ, ಮಧ್ಯದಲ್ಲಿ ಸ್ವಲ್ಪ ದುಡ್ಡು ಕೈಗೆ ಬಂದಾಗ ಇನ್ನೊಮ್ಮೆ.

ಬಡ್ಡಿಯನ್ನು ಯಾರೂ ಮೊದಲೇ ಹಿಡಿದುಕೊಳ್ಳುವುದಿಲ್ಲ. ಪ್ರತಿ ತಿಂಗಳು ಒಂದೇ ಲೆಕ್ಕ ನಡೆಯುತ್ತದೆ: ಈ ತಿಂಗಳು ಎಷ್ಟು ಬಾಕಿ ಇದೆ, ಅದಕ್ಕೆ ಒಂದು ತಿಂಗಳ ಬಡ್ಡಿ ಎಷ್ಟು? ವರ್ಷಕ್ಕೆ 9 ಅಂದರೆ ತಿಂಗಳಿಗೆ ಮುಕ್ಕಾಲು. ಮೊದಲ ತಿಂಗಳು ಬಾಕಿ ಪೂರ್ತಿ 6 ಲಕ್ಷ ಇರುತ್ತದೆ. ಅದರ ಮುಕ್ಕಾಲು ಪರ್ಸೆಂಟ್ ₹4,500. ನೀವು 84 ತಿಂಗಳಿಗೆ ತೆಗೆದಿರಿ, 60ಕ್ಕೆ ತೆಗೆದಿರಿ, ಮೊದಲ ತಿಂಗಳ ಬಡ್ಡಿ ಅದೇ ₹4,500. ಅವಧಿ ಕಮ್ಮಿ ಮಾಡಿದರೆ ಆ ಬಡ್ಡಿ ಬದಲಾಗುವುದಿಲ್ಲ. ಬದಲಾಗುವುದು ಕಂತಿನಲ್ಲಿ ಬಡ್ಡಿ ಹೋಗಿ ಉಳಿದದ್ದು. ಅಷ್ಟು ಮಾತ್ರ ಅಸಲಿಗೆ ಜಮೆಯಾಗುತ್ತದೆ.

ಮೇಷ್ಟ್ರ ಸ್ಟೇಟ್‌ಮೆಂಟಿನ ಹಿಂಬದಿಯಲ್ಲೇ ಬರೆದು ತೋರಿಸಿದೆ. 84 ತಿಂಗಳ ಕಂತು ₹9,653. ಅದರಲ್ಲಿ ₹4,500 ಬಡ್ಡಿ, ₹5,153 ಅಸಲು. ಅದೇ ಸಾಲವನ್ನು 60 ತಿಂಗಳಿಗೆ ತೆಗೆದಿದ್ದರೆ ಕಂತು ₹12,455. ಅದರಲ್ಲೂ ಬಡ್ಡಿ ₹4,500, ಆದರೆ ಅಸಲಿಗೆ ₹7,955. ಕಂತು ಜಾಸ್ತಿಯಾಗಿದ್ದು ₹2,802. ಅಷ್ಟೂ ರೂಪಾಯಿ, ಒಂದು ಪೈಸೆ ಬಿಡದೆ, ಅಸಲಿಗೇ ಹೋಯಿತು.

ಎರಡನೇ ತಿಂಗಳಿಗೆ ಬನ್ನಿ. 84 ತಿಂಗಳಿಗೆ ತೆಗೆದ ಮೊದಲನೆಯವರ ಬಾಕಿ ₹5,94,847, ಬಡ್ಡಿ ₹4,461. 60 ತಿಂಗಳಿಗೆ ತೆಗೆದ ಎರಡನೆಯವರ ಬಾಕಿ ₹5,92,045, ಬಡ್ಡಿ ₹4,440. ವ್ಯತ್ಯಾಸ ಬರೀ ₹21. ಮೂರನೇ ತಿಂಗಳು ಅದು ₹42. ಇಲ್ಲಿಗೆ ನೋಡಿದರೆ ಏನೂ ಅನ್ನಿಸುವುದಿಲ್ಲ. ಆದರೆ ಇದು ತಿಂಗಳು ತಿಂಗಳೂ ಬೆಳೆಯುತ್ತದೆ. 48 ಕಂತು ಮುಗಿದ ಹೊತ್ತಿಗೆ 84 ತಿಂಗಳಿನವರ ಬಾಕಿ ₹3,03,000ಕ್ಕಿಂತ ಜಾಸ್ತಿ, 60 ತಿಂಗಳಿನವರದ್ದು ₹1,42,000 ಚಿಲ್ಲರೆ. ಅಂದರೆ ನಾಲ್ಕು ವರ್ಷ ಕಟ್ಟಿದ ಮೇಲೂ ಮೊದಲನೆಯವರ ಅರ್ಧ ಸಾಲ ಹಾಗೇ ಕೂತಿರುತ್ತದೆ. ಅವರು ಮುಂದಿನ ತಿಂಗಳು ₹2,277 ಬಡ್ಡಿ ಕಟ್ಟಿದರೆ, ಇವರು ಕಟ್ಟುವುದು ₹1,068. ಆ ಹೊತ್ತಿಗೆ ಕಾರು ಮಾರಬೇಕಾಗಿ ಬಂದರೆ ಕೊಳ್ಳುವವನು ಕೊಟ್ಟ ದುಡ್ಡಿನಲ್ಲಿ ಬಹುಪಾಲು ಬ್ಯಾಂಕಿಗೇ ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಕೊನೆಯ ಲೆಕ್ಕ ಹೀಗೆ. 84 ತಿಂಗಳಿಗೆ ಒಟ್ಟು ಬಡ್ಡಿ ₹2,10,852. 60 ತಿಂಗಳಿಗೆ ₹1,47,300. ಉಳಿತಾಯ ₹63,552.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ತಿಂಗಳಿಗೆ ₹2,802 ಜಾಸ್ತಿ ಕಟ್ತಾ ಇದ್ದೀನಲ್ಲ, ಮತ್ತೆ ಉಳಿದಿದ್ದೇನು?’ ಸರಿಯಾದ ಪ್ರಶ್ನೆಯೇ. ಜಾಸ್ತಿ ಕಟ್ಟುವುದು 60 ತಿಂಗಳು, ಒಟ್ಟು ₹1,68,120. ಅದಕ್ಕೆ ಬದಲಾಗಿ ಕೊನೆಯ 24 ಕಂತು, ಅಂದರೆ ₹2,31,672, ಕಟ್ಟುವ ಹಾಗೇ ಇಲ್ಲ. ಎರಡರ ವ್ಯತ್ಯಾಸ ಅದೇ ₹63,552. ಆ ₹2,802 ಅನ್ನು ಆರ್‌ಡಿಗೆ ಹಾಕುತ್ತೇನೆ ಅನ್ನುವವರೂ ಇದ್ದಾರೆ. ಆರ್‌ಡಿ ಬಡ್ಡಿ ನಿಮ್ಮ ಸಾಲದ ಬಡ್ಡಿಗಿಂತ ಕಮ್ಮಿ ಇದ್ದರೆ, ಅದರ ಮೇಲೆ ತೆರಿಗೆ ಬೇರೆ ಬಿದ್ದರೆ, ಅದರಲ್ಲಿ ಲಾಭ ಹೇಗೆ ಬರುತ್ತದೆ ಹೇಳಿ.

ಹಾಗಂತ ಎಲ್ಲರೂ ಮೂರೇ ವರ್ಷಕ್ಕೆ ಸಾಲ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಅವಧಿ ಕಮ್ಮಿ ಮಾಡುತ್ತಾ ಹೋದಂತೆ ಲಾಭ ತುಟ್ಟಿಯಾಗುತ್ತದೆ. ಇದೇ 6 ಲಕ್ಷಕ್ಕೆ 60ರಿಂದ 48 ತಿಂಗಳಿಗೆ ಇಳಿದರೆ ಕಂತು ₹14,931 ಆಗುತ್ತದೆ. ತಿಂಗಳಿಗೆ ₹2,476 ಜಾಸ್ತಿ, ಉಳಿಯುವ ಬಡ್ಡಿ ₹30,612. 48ರಿಂದ 36ಕ್ಕೆ ಇಳಿದರೆ ಕಂತು ₹19,080. ತಿಂಗಳಿಗೆ ₹4,149 ಜಾಸ್ತಿ, ಉಳಿಯುವುದು ₹29,808. ಅಂದರೆ ಸುಮಾರು ಅಷ್ಟೇ ಬಡ್ಡಿ ಉಳಿಸಲು ಈಗ ಕಂತಿನ ಹೆಚ್ಚುವರಿ ಭಾರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸಂಬಳದ ಮನೆಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಅಂದರೆ ರೇಷನ್ ಖರ್ಚು. ಕಂತು ಬೌನ್ಸ್ ಆದರೆ ದಂಡ ಬೀಳುತ್ತದೆ, ಸಿಬಿಲ್ ಸ್ಕೋರಿಗೂ ಪೆಟ್ಟು. ಹಾಗಾಗಿ ಏಳರಿಂದ ಐದು ವರ್ಷಕ್ಕೆ ಬನ್ನಿ ಅಂತ ನಾನು ಒತ್ತಾಯ ಮಾಡಿ ಹೇಳುತ್ತೇನೆ. ಐದರಿಂದ ಕೆಳಗೆ ಇಳಿಯುವುದನ್ನು ಅವರವರ ಮನೆ ಖರ್ಚು ನೋಡಿ ಹೇಳುತ್ತೇನೆ. ಚಿನ್ನದ ಸಾಲವೋ ಕ್ರೆಡಿಟ್ ಕಾರ್ಡ್ ಬಾಕಿಯೋ ಇದಕ್ಕಿಂತ ಜಾಸ್ತಿ ಬಡ್ಡಿಗೆ ಇದ್ದರೆ ಮೊದಲು ಅದನ್ನು ತೀರಿಸಿ.

ಇನ್ನೊಂದು ಎಚ್ಚರಿಕೆ. ಮೇಲಿನ ಲೆಕ್ಕವೆಲ್ಲ ಇಳಿಯುವ ಬಾಕಿಯ ಮೇಲೆ ಬಡ್ಡಿ ಹಾಕುವ ಸಾಲಕ್ಕೆ. ಬೈಕ್ ಸಾಲ, ಹಳೇ ಗಾಡಿ ಸಾಲದಲ್ಲಿ ಕೆಲವರು ‘ಫ್ಲಾಟ್ ಐದು ಪರ್ಸೆಂಟ್’ ಅನ್ನುತ್ತಾರೆ. ಅಲ್ಲಿ ಪೂರ್ತಿ 6 ಲಕ್ಷಕ್ಕೇ ಐದೂ ವರ್ಷ ಬಡ್ಡಿ ಹಾಕುತ್ತಾರೆ, ₹1,50,000. ನಮ್ಮ ಶೇಕಡಾ 9ರ ಸಾಲಕ್ಕೆ ಐದು ವರ್ಷಕ್ಕೆ ₹1,47,300 ತಾನೇ? ಕೇಳಲು ಐದು, ಕಟ್ಟುವುದು ಒಂಬತ್ತಕ್ಕಿಂತ ಜಾಸ್ತಿ. 2024ರ ಅಕ್ಟೋಬರ್‌ನಿಂದ ಇಂಥ ಸಾಲ ಕೊಡುವವರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ, ಶುಲ್ಕವೂ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಸಹಿ ಹಾಕುವ ಮೊದಲು ಆ ಸಾಲಿನ ಮೇಲೆ ಬೆರಳಿಟ್ಟು ಓದಿ.

ಮತ್ತೆ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರು ಬಂದಿದ್ದು ಬರೀ ಸಿಟ್ಟು ತೋರಿಸಲಿಕ್ಕಲ್ಲ. ಅಣ್ಣ ಅಡಿಕೆ ಮಾರಿ ಅವರ ಪಾಲಿನ ಒಂದು ಲಕ್ಷ ಕಳಿಸಿದ್ದರು. ‘ಬಡ್ಡಿಯೆಲ್ಲ ಮೊದಲೇ ಹೋಗಿಬಿಟ್ಟಿದೆಯಲ್ಲ, ಇನ್ನು ಸಾಲಕ್ಕೆ ಹಾಕಿ ಏನು ಪ್ರಯೋಜನ?’ ಅಂತ ಅವರ ಅನುಮಾನ. ಬಾಕಿಯ ಮೇಲೆ ತಾನೇ ಬಡ್ಡಿ? ಬಾಕಿ ₹4,65,000 ಇದೆ ಅಂದಮೇಲೆ, ಹೀಗೇ ಬಿಟ್ಟರೆ ಉಳಿದ 60 ಕಂತಿನಲ್ಲಿ ಇನ್ನೂ ₹1,14,000 ಬಡ್ಡಿ ಹೋಗುವುದಿದೆ. ಒಂದು ಲಕ್ಷ ಕಟ್ಟಿದರೆ ಬಾಕಿ ₹3,65,000ಕ್ಕೆ ಇಳಿಯುತ್ತದೆ.

ಆದರೆ ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಒಂದು ಲಕ್ಷ ಕಟ್ಟಿದ ಮೇಲೆ ಎರಡು ದಾರಿ. ಅವಧಿ ಹಾಗೇ 60 ತಿಂಗಳು ಇಟ್ಟು ಕಂತನ್ನು ₹7,578ಕ್ಕೆ ಇಳಿಸಬಹುದು. ಇಲ್ಲವೇ ಕಂತು ₹9,653 ಹಾಗೇ ಇಟ್ಟು ಅವಧಿ ಇಳಿಸಬಹುದು. ಮೊದಲ ದಾರಿಯಲ್ಲಿ ಮುಂದೆ ಕಟ್ಟುವ ಬಡ್ಡಿ ಸುಮಾರು ₹89,600. ಎರಡನೆಯದರಲ್ಲಿ ₹65,900. ಅಂದರೆ ಅದೇ ಒಂದು ಲಕ್ಷದಿಂದ ಒಂದು ಕಡೆ ₹24,500 ಉಳಿಯುತ್ತದೆ, ಇನ್ನೊಂದು ಕಡೆ ₹48,300. ಸಾಲ ಕೂಡ 60ರ ಬದಲು 45 ಕಂತಿಗೆ ಮುಗಿಯುತ್ತದೆ. ಕಂತು ಇಳಿಸಿದಾಗ ಪ್ರತಿ ತಿಂಗಳು ಅಸಲಿಗೆ ಹೋಗುವ ದುಡ್ಡೂ ಇಳಿಯುತ್ತದೆ, ಅದೇ ಕಾರಣ.

ಮೇಷ್ಟ್ರ ಸಾಲ ಫಿಕ್ಸೆಡ್ ದರದ್ದು. ಫಿಕ್ಸೆಡ್ ಸಾಲಕ್ಕೆ ಮುಂಚೆ ಕಟ್ಟಿದರೆ ಶುಲ್ಕ ಇರಬಹುದು, ಅದಕ್ಕೇ ಸ್ಯಾಂಕ್ಷನ್ ಲೆಟರ್ ತರಿಸಿದೆ. ಕಟ್ಟುವ ಮೊತ್ತದ ಶೇಕಡಾ 2, ಅದರ ಮೇಲೆ ಜಿಎಸ್‌ಟಿ. ಒಟ್ಟು ₹2,360. ಅವಧಿ ಇಳಿಸಿದರೆ ಅದನ್ನು ಕಳೆದೂ ₹45,000ಕ್ಕಿಂತ ಜಾಸ್ತಿ ಉಳಿಯುತ್ತದೆ. ನಿಮ್ಮ ಪತ್ರದಲ್ಲಿ ಶುಲ್ಕ ಬೇರೆಯೇ ಇರಬಹುದು, ವರ್ಷಕ್ಕೆ ಇಷ್ಟೇ ಸಲ ಕಟ್ಟಬಹುದು ಅಂತಲೂ ಇರಬಹುದು. ಓದದೆ ಹೋಗಬೇಡಿ. ಸಾಲದ ಕೊನೆಯ ವರ್ಷದಲ್ಲಿ ಕಟ್ಟಿದರೆ ಉಳಿಯುವುದೇ ಕಮ್ಮಿ, ಆಗ ಶುಲ್ಕವೇ ಅದನ್ನು ನುಂಗಿಬಿಡಬಹುದು.

ಮೇಷ್ಟ್ರಿಗೆ ಬಾಯಿಮಾತು ಬೇಡ, ಬರೆದೇ ಕೊಡಿ ಅಂದೆ. ಎರಡೇ ಸಾಲು: ‘ಈ ಒಂದು ಲಕ್ಷವನ್ನು ಅಸಲಿಗೆ ಜಮೆ ಮಾಡಿ. ಕಂತಿನ ಮೊತ್ತ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ.’ ಅವರು ಕನ್ನಡ ಮೇಷ್ಟ್ರು, ‘ದಯವಿಟ್ಟು’ ಸೇರಿಸಿ ಮುತ್ತಿನಂಥ ಅಕ್ಷರದಲ್ಲಿ ಬರೆದರು.

ಹತ್ತು ದಿನ ಬಿಟ್ಟು ಹೊಸ ಕಂತಿನ ಪಟ್ಟಿ ಹಿಡಿದುಕೊಂಡು ಬಂದರು. ಪಟ್ಟಿ ಬಂದಾಗ ನಾನು ಮೊದಲು ನೋಡುವುದು ಮುಂದಿನ ಕಂತಿನ ಬಡ್ಡಿ. ₹3,65,000ಕ್ಕೆ ಮುಕ್ಕಾಲು ಪರ್ಸೆಂಟ್ ಅಂದರೆ ₹2,738ರ ಆಸುಪಾಸು ಇರಬೇಕು. ಅವರ ಪಟ್ಟಿಯಲ್ಲಿ ₹3,488 ಇತ್ತು! ಅಂದರೆ ಬಾಕಿ ಇಳಿದೇ ಇಲ್ಲ. ಆ ಒಂದು ಲಕ್ಷವನ್ನು ಮುಂದಿನ ಕಂತುಗಳ ಅಡ್ವಾನ್ಸ್ ಅಂತ ಬೇರೆ ಖಾತೆಯಲ್ಲಿ ಇಟ್ಟುಕೊಂಡಿದ್ದರು. ದುಡ್ಡು ಸುಮ್ನೆ ಕೂತಿತ್ತು, ಬಡ್ಡಿ ಪೂರ್ತಿ 4,65,000ಕ್ಕೇ ಓಡುತ್ತಿತ್ತು. ಇಂಥದ್ದನ್ನು ನಾನು ಬೇರೆ ಬೇರೆ ಕಡೆ ನೋಡಿದ್ದೇನೆ, ಹೆಚ್ಚಾಗಿ ಅರ್ಜಿ ಬರೆಯದೆ ಸುಮ್ನೆ ದುಡ್ಡು ಹಾಕಿದವರಿಗೆ. ಮೇಷ್ಟ್ರ ಕೈಯಲ್ಲಿ ಸೀಲ್ ಹಾಕಿಸಿದ ಅರ್ಜಿಯ ಪ್ರತಿ ಇತ್ತು. ಅದನ್ನು ತೋರಿಸಿದ ಮೇಲೆ ದುಡ್ಡು ಕಟ್ಟಿದ ತಾರೀಖಿನಿಂದಲೇ ಸರಿಮಾಡಿ ಕೊಟ್ಟರು.

ಎರಡನೇ ಪಟ್ಟಿಯಲ್ಲಿ ಮೊದಲ ಸಾಲಿನ ಬಡ್ಡಿ ₹2,738. ಕಂತು ₹9,653. ಮೇಷ್ಟ್ರು ಬೆರಳಿಟ್ಟು ಒಂದೊಂದೇ ಸಾಲು ಎಣಿಸುತ್ತಾ ಕೆಳಗೆ ಹೋದರು. 45ನೇ ಸಾಲಿನಲ್ಲಿ ಕಂತು ಆರು ಸಾವಿರ ಚಿಲ್ಲರೆ, ಬಾಕಿ ಸೊನ್ನೆ. ಅದರ ಕೆಳಗೆ ಹಾಳೆ ಖಾಲಿ ಇತ್ತು.