ಬೆಳಗಿನ ತಿಂಡಿಯಲ್ಲೇ ಸೋರಿಹೋಗುವ ಪ್ರೋಟೀನ್

"ಅಮ್ಮ ದಿನವೂ ಬೇಳೆ ತಿನ್ನುತ್ತಾರೆ, ಮೊಸರು ತಪ್ಪಿಸುವುದಿಲ್ಲ, ರಾತ್ರಿ ಹಾಲು ಕುಡಿದೇ ಮಲಗುತ್ತಾರೆ. ಇನ್ನೂ ಪ್ರೋಟೀನ್ ಸಾಲದು ಎಂದರೆ ಹೇಗೆ ಮೇಡಂ?" ಸ್ನಾಯು ಕರಗುತ್ತಿರುವ ಹಿರಿಯರನ್ನು ಕರೆದುಕೊಂಡು ಬರುವ ಮಕ್ಕಳು ಸ್ವಲ್ಪ ಮುನಿಸಿನಿಂದಲೇ ಕೇಳುವ ಪ್ರಶ್ನೆ ಇದು. ಅವರು ಹೇಳಿದ ಪದಾರ್ಥಗಳಲ್ಲಿ ಒಂದೂ ತಪ್ಪಿಲ್ಲ. ಯಾವುದನ್ನು ಎಷ್ಟು ತಿಂದರು, ಯಾವ ಹೊತ್ತಿಗೆ ತಿಂದರು ಎಂಬುದು ಮಾತ್ರ ಆ ಮಾತಿನಲ್ಲಿ ಇಲ್ಲ. ಆಹಾರತಜ್ಞೆಯಾಗಿ ನನ್ನ ಕೆಲಸ ಶುರುವಾಗುವುದು ಅಲ್ಲಿಂದ.

ಲೆಕ್ಕಕ್ಕೆ ಒಬ್ಬರನ್ನು ತೆಗೆದುಕೊಳ್ಳೋಣ. ವಯಸ್ಸು 72, ಎತ್ತರ 155 ಸೆಂ.ಮೀ., ತೂಕ 54 ಕಿಲೋ. ವರ್ಷದ ಹಿಂದೆ 58 ಕಿಲೋ ಇದ್ದರು. ನಡುವೆ ನ್ಯುಮೋನಿಯಾ ಆಗಿ ಕೆಲವು ದಿನ ಹಾಸಿಗೆ ಹಿಡಿದಿದ್ದರು. ಎತ್ತರಕ್ಕೆ ತಕ್ಕ ತೂಕವೇ ಇರುವುದರಿಂದ ತಕ್ಕಡಿ ನೋಡಿದವರಿಗೆ ಯಾವ ಅನುಮಾನವೂ ಬರುವುದಿಲ್ಲ. ಆದರೆ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಇವರಿಗೆ 17 ಸೆಕೆಂಡ್ ಬೇಕಾಯಿತು. ಈ ಪರೀಕ್ಷೆಯಲ್ಲಿ 15 ಸೆಕೆಂಡ್ ದಾಟಿದರೆ ಸ್ನಾಯುಬಲ ಕುಗ್ಗಿದೆ ಎನ್ನುತ್ತದೆ ಯುರೋಪಿನ ತಜ್ಞರ ಗುಂಪಿನ 2018ರ ಮಾನದಂಡ. ಏಷ್ಯಾದ ಗುಂಪು 2019ರಲ್ಲಿ ಹಾಕಿದ ಗೆರೆ ಇನ್ನೂ ಬಿಗಿ, 12 ಸೆಕೆಂಡ್. ಮೀನಖಂಡದ ಸುತ್ತಳತೆ 31 ಸೆಂ.ಮೀ. ಇತ್ತು. ಮಹಿಳೆಯರಲ್ಲಿ ಅದು 33ಕ್ಕಿಂತ ಕಡಿಮೆಯಾದರೆ ಮುಂದಿನ ತಪಾಸಣೆ ಬೇಕು ಎನ್ನುತ್ತದೆ ಏಷ್ಯಾದ ಮಾನದಂಡ. ಹೀಗೆ ಸ್ನಾಯುವಿನ ಗಾತ್ರವೂ ಬಲವೂ ಒಟ್ಟಿಗೆ ಕುಗ್ಗುವುದನ್ನು ವೈದ್ಯರು ಸಾರ್ಕೋಪೇನಿಯಾ ಎನ್ನುತ್ತಾರೆ.

ಇವರಿಗೆ ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ವಯಸ್ಕರಿಗೆಲ್ಲ ಹೇಳುವ ಸಾಮಾನ್ಯ ಅಳತೆ, ದೇಹತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ. ಹಿರಿಯರಿಗೆ ಅದು ಸಾಲದು ಎಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿತು: ಆರೋಗ್ಯವಾಗಿರುವ ಹಿರಿಯರಿಗೆ ಕಿಲೋಗೆ 1ರಿಂದ 1.2 ಗ್ರಾಂ, ಕಾಯಿಲೆ ಇರುವವರಿಗೆ 1.2ರಿಂದ 1.5 ಗ್ರಾಂ. ಇವರು ಕಾಯಿಲೆಯಿಂದ ಎದ್ದಿದ್ದಾರೆ, ಸ್ನಾಯು ಮಾತ್ರ ಮರಳಿಲ್ಲ. ಹಾಗಾಗಿ 1.2ರಿಂದ ಆರಂಭಿಸುತ್ತೇನೆ. 54 ಕಿಲೋಗೆ ಅದು 65 ಗ್ರಾಂ ಆಗುತ್ತದೆ.

ಈ 65 ಗ್ರಾಂ ದಿನದಲ್ಲಿ ಹೇಗೆ ಹಂಚಿಕೆಯಾಗುತ್ತದೆ ಎಂಬುದೂ ಮುಖ್ಯ. ಊಟದ ನಂತರ ರಕ್ತಕ್ಕೆ ಬರುವ ಅಮೈನೋ ಆಮ್ಲಗಳು ಸ್ನಾಯುವಿಗೆ 'ಕಟ್ಟು' ಎಂಬ ಸೂಚನೆ ಕೊಡುತ್ತವೆ. ಯುವಕರ ಸ್ನಾಯು ಸಣ್ಣ ಸೂಚನೆಗೂ ಓಗೊಡುತ್ತದೆ; ಅವರಿಗೆ ಒಂದು ಹೊತ್ತಿಗೆ ಕಿಲೋಗೆ ಸುಮಾರು 0.24 ಗ್ರಾಂ ಪ್ರೋಟೀನ್ ಸಾಕು. ಅಷ್ಟೇ ಕೆಲಸಕ್ಕೆ ಹಿರಿಯರ ಸ್ನಾಯುವಿಗೆ ಕಿಲೋಗೆ ಸುಮಾರು 0.4 ಗ್ರಾಂ ಬೇಕು. ವಯಸ್ಸಾದ ಸ್ನಾಯುವಿಗೆ ಕಿವಿ ಸ್ವಲ್ಪ ಮಂದ ಎಂದುಕೊಳ್ಳಿ. 54 ಕಿಲೋಗೆ 0.4ರಂತೆ ಸುಮಾರು 22 ಗ್ರಾಂ. ಮೂರು ಹೊತ್ತಿಗೆ 65 ಗ್ರಾಂ. ಎರಡು ದಾರಿಯ ಲೆಕ್ಕವೂ ಒಂದೇ ಕಡೆ ಬಂದು ಸೇರುವುದರಿಂದ ಇವರ ಗುರಿಯನ್ನು ಒಂದೇ ಸಾಲಿನಲ್ಲಿ ಬರೆದುಕೊಡಬಹುದು: ಹೊತ್ತಿಗೆ 22. ಸಮನಾಗಿ ಹಂಚುವುದರಿಂದ ಲಾಭವಿದೆಯೇ ಎಂಬುದರಲ್ಲಿ ಅಧ್ಯಯನಗಳ ನಡುವೆ ಒಮ್ಮತವಿಲ್ಲ, ನಿಜ. ಆದರೂ ನಾನು ಹಂಚುವುದನ್ನೇ ಹೇಳುತ್ತೇನೆ. ಬೆಳಗ್ಗೆ ಬಿಟ್ಟದ್ದನ್ನು ರಾತ್ರಿ ಒಂದೇ ಸಲ 45 ಗ್ರಾಂ ತಿಂದು ತುಂಬಿಸಿಕೊಳ್ಳಬಲ್ಲ ಹೊಟ್ಟೆ ಎಪ್ಪತ್ತು ದಾಟಿದ ಎಷ್ಟು ಜನರಿಗಿರುತ್ತದೆ?

ಈಗ ಅವರು ತಿನ್ನುತ್ತಿದ್ದುದರ ಲೆಕ್ಕ ನೋಡೋಣ. ಬೆಳಗ್ಗೆ ಎರಡು ತುಂಡು ಬ್ರೆಡ್, ಜಾಮ್, ಹಾಲು ಬೆರೆಸಿದ ಚಹಾ: 7 ಗ್ರಾಂ. ಮಧ್ಯಾಹ್ನ ಅನ್ನ, ತೆಳ್ಳಗೆ ಬೇಯಿಸಿದ ಬೇಳೆ, ತರಕಾರಿ, 100 ಗ್ರಾಂ ಮೊಸರು: 15 ಗ್ರಾಂ. ಸಂಜೆ ಚಹಾ, ಎರಡು ಬಿಸ್ಕತ್ತು: 3 ಗ್ರಾಂ. ರಾತ್ರಿ ಅದೇ ಅನ್ನ ಮತ್ತು ಬೇಳೆ ಇನ್ನಷ್ಟು ಕಡಿಮೆ, ಮಲಗುವಾಗ ಅರ್ಧ ಲೋಟ ಹಾಲು: 11 ಗ್ರಾಂ. ಒಟ್ಟು 36 ಗ್ರಾಂ, ಅಂದರೆ ಕಿಲೋಗೆ 0.67. ವಯಸ್ಕರ ಸಾಮಾನ್ಯ ಅಳತೆಯನ್ನೂ ಮುಟ್ಟದ ಈ ದಿನದಲ್ಲಿ ಯಾವ ಹೊತ್ತಿನ ಊಟವೂ 22ರ ಹತ್ತಿರ ಬಂದಿಲ್ಲ. ಮಗ ಹೇಳಿದ ಬೇಳೆ, ಮೊಸರು, ಹಾಲು ಮೂರೂ ಇದರಲ್ಲಿವೆ!

ಇಲ್ಲೊಂದು ಗೊಂದಲವನ್ನು ಮೊದಲು ಬಿಡಿಸಿಕೊಳ್ಳಬೇಕು. 100 ಗ್ರಾಂ ಬೇಳೆ ಎಂದರೆ 100 ಗ್ರಾಂ ಪ್ರೋಟೀನ್ ಅಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಣ ಬೇಳೆಯ ಅಂಕಿಯನ್ನು ಬೆಂದ ಬೇಳೆಗೆ ಅಂಟಿಸುವ ತಪ್ಪು ಓದಿದವರಿಂದಲೂ ಆಗುತ್ತದೆ. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಬೇಯಿಸಿದಾಗ ಅದು ನೀರು ಹೀರಿ ಎರಡೂವರೆ ಪಟ್ಟು ಭಾರವಾಗುತ್ತದೆ, ಮೇಲೆ ಇನ್ನಷ್ಟು ನೀರು ಸೇರಿಸಿ ತೆಳ್ಳಗೆ ಮಾಡುತ್ತೇವೆ. ಬಟ್ಟಲು ತುಂಬಿರುತ್ತದೆ, ಪ್ರೋಟೀನ್ ನಾಲ್ಕೈದು ಗ್ರಾಂ ಇರುತ್ತದೆ. ಆದ್ದರಿಂದ ಧಾನ್ಯ, ಬೇಳೆ, ಸೋಯಾಗಳನ್ನು ಒಲೆಗೆ ಹಾಕುವ ಮೊದಲೇ ತೂಗಿ ಎನ್ನುತ್ತೇನೆ. ಒಂದು ವಾರ ತೂಗಿದರೆ ಸಾಕು. ಆಮೇಲೆ ಕಣ್ಣಳತೆ ಬಂದುಬಿಡುತ್ತದೆ.

ಹೊಸ ದಿನ ಹೀಗೆ. ಬೆಳಗ್ಗೆ ಎರಡು ಮೊಟ್ಟೆ (12 ಗ್ರಾಂ), ಎರಡು ತುಂಡು ಬ್ರೆಡ್ (5), 200 ಮಿ.ಲೀ. ಹಾಲು (6.5): ಒಟ್ಟು 23.5 ಗ್ರಾಂ. ಮಧ್ಯಾಹ್ನ 50 ಗ್ರಾಂ ಒಣ ಬೇಳೆಯನ್ನು ಗಟ್ಟಿಯಾಗಿ ಬೇಯಿಸಿದ್ದು (12), 60 ಗ್ರಾಂ ಅಕ್ಕಿಯ ಅನ್ನ (4), 150 ಗ್ರಾಂ ಮೊಸರು (5), ತರಕಾರಿ (1): 22 ಗ್ರಾಂ. ರಾತ್ರಿ 25 ಗ್ರಾಂ ಒಣ ಸೋಯಾ ಚೂರು (13), 50 ಗ್ರಾಂ ಅಕ್ಕಿಯ ಅನ್ನ (3.5), 150 ಮಿ.ಲೀ. ಹಾಲು (5): 21.5 ಗ್ರಾಂ. ಎರಡು ಹೊತ್ತಿನ ಚಹಾದ ಹಾಲಿನಿಂದ 3 ಗ್ರಾಂ. ಮೊತ್ತ 70 ಗ್ರಾಂ. ಗುರಿಗಿಂತ ಐದು ಗ್ರಾಂ ಹೆಚ್ಚೇ ಇಟ್ಟಿದ್ದೇನೆ, ಏಕೆಂದರೆ ಬಡಿಸಿದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ. ತಟ್ಟೆಯಲ್ಲಿ ಉಳಿದದ್ದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಮಾಂಸ ತಿನ್ನುವವರು ರಾತ್ರಿಯ ಸೋಯಾ ಬದಲು 65 ಗ್ರಾಂನಷ್ಟು ಹಸಿ ತೂಕದ ಕೋಳಿ ಅಥವಾ ಮೀನು ತೆಗೆದುಕೊಂಡರೂ ಅದೇ 13 ಗ್ರಾಂ ಬರುತ್ತದೆ. ಮೊಟ್ಟೆ ಬೇಡ ಎನ್ನುವವರಿಗೆ ಬೆಳಗಿನ ಹೊತ್ತು ಕಷ್ಟ. ಅವರಿಗೆ 65 ಗ್ರಾಂ ಪನೀರ್ ಕೊಡಬಹುದು, ಪ್ರೋಟೀನ್ ಹತ್ತಿರ ಹತ್ತಿರ ಸಮ. ಇಷ್ಟು ತಿನ್ನಲಾಗದವರಿಗೆ ಕೆನೆರಹಿತ ಹಾಲಿನ ಪುಡಿ ಒಳ್ಳೆಯ ಉಪಾಯ. 15 ಗ್ರಾಂ ಪುಡಿಯನ್ನು ಕುಡಿಯುವ ಹಾಲಿಗೇ ಕಲಸಿದರೆ ಲೋಟ ದೊಡ್ಡದಾಗದೆ 5 ಗ್ರಾಂ ಪ್ರೋಟೀನ್ ಸೇರುತ್ತದೆ. ಈ ಪಟ್ಟಿಯಲ್ಲಿ ದುರ್ಬಲವಾದದ್ದು ಮಧ್ಯಾಹ್ನದ ಊಟ. ಸ್ನಾಯುವನ್ನು ಹೆಚ್ಚು ಎಚ್ಚರಿಸುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹಾಲು, ಮೊಟ್ಟೆಗಳಲ್ಲಿ ಇರುವಷ್ಟು ಬೇಳೆಯಲ್ಲಿಲ್ಲ, ಬೇಳೆಯ ಪ್ರೋಟೀನ್ ಜೀರ್ಣವಾಗುವುದೂ ಸ್ವಲ್ಪ ಕಡಿಮೆ. ಅದಕ್ಕಾಗಿಯೇ ಅಲ್ಲಿ ಮೊಸರನ್ನು 100ರಿಂದ 150 ಗ್ರಾಂಗೆ ಏರಿಸಿದ್ದು.

ಬದಲಾವಣೆಯನ್ನು ಒಂದೇ ದಿನ ಹೇರಬಾರದು. ಮೊದಲ ವಾರ ಬೆಳಗಿನ ತಿಂಡಿ ಮಾತ್ರ, ಎರಡನೆಯ ವಾರ ರಾತ್ರಿಯದು, ಕೊನೆಗೆ ಬೇಳೆ; ಬೇಳೆಯನ್ನು ದಿಢೀರನೆ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಿ ಇಡೀ ಯೋಜನೆಯೇ ಬಿದ್ದುಹೋಗುತ್ತದೆ. ಬೆಳಗ್ಗೆ ಚೆನ್ನಾಗಿ ತಿಂದವರು ಮಧ್ಯಾಹ್ನ ಅರ್ಧಕ್ಕೇ ಕೈ ತೊಳೆಯುವುದೂ ಉಂಟು. ಹಾಗಾದರೆ ಊಟಕ್ಕೆ ಮುಂಚಿನ ಚಹಾ ಬಿಡಿಸಿ, ತಟ್ಟೆಯಲ್ಲಿ ಬೇಳೆ ಮತ್ತು ಮೊಸರನ್ನು ಮೊದಲು ತಿನ್ನಲು ಹೇಳಿ. ಉಳಿಯುವುದಾದರೆ ಅನ್ನ ಉಳಿಯಲಿ. ಆದರೆ ಅನ್ನವನ್ನು ಪೂರ್ತಿ ಬಿಡಿಸಬೇಡಿ. ದೇಹಕ್ಕೆ ಶಕ್ತಿ ಸಾಲದಿದ್ದರೆ ಕಷ್ಟಪಟ್ಟು ತಿಂದ ಪ್ರೋಟೀನ್ ಉರುವಲಾಗುತ್ತದೆ. ಹಿರಿಯರಿಗೆ ಕಿಲೋಗೆ ಸುಮಾರು 30 ಕ್ಯಾಲೊರಿ ಬೇಕು, ಇವರಿಗೆ 1600ರಷ್ಟು. ಅಡುಗೆಯ ಎಣ್ಣೆ, ಬೆಣ್ಣೆ ಸೇರಿಸಿಕೊಂಡರೆ ಮೇಲಿನ ದಿನ ಅದನ್ನು ಮುಟ್ಟುತ್ತದೆ.

ಇಷ್ಟೆಲ್ಲ ಶುರು ಮಾಡುವ ಮುನ್ನ ಕಿಡ್ನಿ ಪರೀಕ್ಷೆಯ ವರದಿ ನನ್ನ ಕೈಯಲ್ಲಿರಬೇಕು. ಕಿಡ್ನಿ ಸೋಸುವ ಪ್ರಮಾಣ, ಅಂದರೆ ಜಿಎಫ್‌ಆರ್, 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಇಲ್ಲದವರಿಗೆ ಈ ಅಳತೆ ಅನ್ವಯಿಸುವುದಿಲ್ಲ. ಅವರ ಪ್ರೋಟೀನನ್ನು ಕಿಡ್ನಿ ತಜ್ಞರೇ ನಿಗದಿ ಮಾಡಬೇಕು. 30ರಿಂದ 60ರ ನಡುವೆ ಇರುವವರೂ ವೈದ್ಯರೊಂದಿಗೆ ಮಾತಾಡಿಯೇ ಮುಂದುವರಿಯಬೇಕು. ವರದಿ ಚೆನ್ನಾಗಿದೆ ಎಂದಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಲ್ಲಿ. ಸ್ನಾಯು ಸವೆದವರಲ್ಲಿ ಅದು ಸಹಜವಾಗಿಯೇ ಕಡಿಮೆ ಇರುವುದರಿಂದ, ಸೊರಗಿದ ಕಿಡ್ನಿಯೂ ಕಾಗದದ ಮೇಲೆ ಗಟ್ಟಿಮುಟ್ಟಾಗಿ ಕಾಣಬಹುದು. ಅನುಮಾನವಿದ್ದಾಗ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳುತ್ತೇನೆ.

ಸ್ಥೂಲಕಾಯದವರಿಗೆ ಇಂದಿನ ತೂಕವನ್ನೇ 1.2ರಿಂದ ಗುಣಿಸಿದರೆ ಅಂಕಿ ವಿಪರೀತ ಬರುತ್ತದೆ. ಅಲ್ಲಿ ಎತ್ತರಕ್ಕೆ ಒಗ್ಗುವ ತೂಕದ ಕಡೆಗೆ ಸರಿಪಡಿಸಿಕೊಳ್ಳುತ್ತೇವೆ. ತೀರಾ ಸೊರಗಿದವರಲ್ಲಿ ತಪ್ಪು ತಿರುಗುಮುರುಗಾಗುತ್ತದೆ: ಇಳಿದ ತೂಕಕ್ಕೆ ಗುಣಿಸಿದರೆ ಗುರಿಯೂ ಇಳಿದುಬಿಡುತ್ತದೆ.

ವ್ಯಾಯಾಮವಿಲ್ಲದೆ ಬರೀ ಪ್ರೋಟೀನ್ ಹೆಚ್ಚಿಸಿದರೆ ಸಿಗುವುದು ಅಲ್ಪ. ಈ ಮಹಿಳೆಗೆ ವಾರಕ್ಕೆ ಮೂರು ದಿನ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನು ಎಂಟೆಂಟು ಸಲದಂತೆ ಎರಡು ಸುತ್ತು, ಜೊತೆಗೊಬ್ಬರು ನಿಂತಿರುವಾಗ ಮಾಡಲು ಹೇಳುವುದು ನನ್ನ ರೂಢಿ. ಸುಲಭವಾಯಿತು ಎನಿಸಿದಾಗ ಕುರ್ಚಿಯ ಮೇಲಿನ ದಿಂಬು ತೆಗೆಯಬೇಕು. ಹನ್ನೆರಡು ವಾರಗಳ ನಂತರ ನೋಡಬೇಕಾದ್ದು ಆ 17 ಸೆಕೆಂಡ್ ಎಷ್ಟಾಯಿತು ಎಂಬುದನ್ನು; ಬಲ ಮೊದಲು ಮರಳುತ್ತದೆ, ಮೀನಖಂಡದ ಅಳತೆ ನಿಧಾನ. ಆ ವೇಳೆಗೆ ತೂಕ ಇನ್ನೂ ಇಳಿಯುತ್ತಿದ್ದರೆ, ತಟ್ಟೆಯಲ್ಲಿ 70 ಗ್ರಾಂ ನಿಜವಾಗಿಯೂ ಖಾಲಿಯಾಗುತ್ತಿದೆ ಎಂದು ಖಚಿತವಿದ್ದರೆ, ಪ್ರೋಟೀನ್ ಇನ್ನಷ್ಟು ಏರಿಸಲು ಹೋಗುವುದಿಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ, ನುಂಗುವ ತೊಂದರೆ, ಕ್ಯಾನ್ಸರ್ ಇವುಗಳ ತಪಾಸಣೆಗೆಂದು ವೈದ್ಯರಿಗೆ ಪತ್ರ ಬರೆದು ಕಳುಹಿಸುತ್ತೇನೆ.